‘ಬೇಳೆ’ಯೋ ‘ಬೆಲೆ’ಯೋ: ನಮ್ಮ ಮ್ಯಾನೇಜರ್ ಮೆಸೇಜನ್ನು ತಿದ್ದಿ ಬರೆದ ಕಥೆ

ಎಲ್ಲಾ ಶುರುವಾಗಿದ್ದು ತೊಗರಿಬೇಳೆಯಿಂದ.

ನಾನು ಮೈಸೂರಿನ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಆರು ವರ್ಷದಿಂದ ಬಿಲ್ಲಿಂಗ್‌ನಲ್ಲಿದ್ದೇನೆ. ನಮ್ಮ ಮ್ಯಾನೇಜರ್ ಒಳ್ಳೆಯವರು. ಜೋರು ದನಿ ಇಲ್ಲ, ಕಷ್ಟ ಅಂದರೆ ರಜೆ ಕೊಡುತ್ತಾರೆ. ಆದರೆ ಅವರು ಹೇಳುವುದೆಲ್ಲ ವಾಟ್ಸಾಪ್‌ನಲ್ಲಿ, ಅದೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ನಡೆಯುತ್ತಾ ಟೈಪ್ ಮಾಡುವ ಅಭ್ಯಾಸ ಬೇರೆ.

2025ರ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8, ಶುಕ್ರವಾರ ಬಂದಿತ್ತು. ಅದಕ್ಕೆ ಎರಡು ದಿನ ಮುಂಚೆ ಗ್ರೂಪ್‌ಗೆ ಒಂದು ಮೆಸೇಜ್ ಬಂತು: "togari bele change agide. rack nodi change madi". ದಿನಸಿ ಸೆಕ್ಷನ್ ನೋಡಿಕೊಳ್ಳುವ ಶಿವು (ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ) ಅದನ್ನು ಬೇಳೆ ಅಂತ ಓದಿದ. ಹೊಸ ಲೋಡ್ ಬಂದಿತ್ತಲ್ಲ, ಹಳೆಯ ಪ್ಯಾಕೆಟ್‌ಗಳನ್ನೆಲ್ಲ ತೆಗೆದು ಹೊಸದನ್ನು ಜೋಡಿಸಿದ. ಅರ್ಧ ದಿನದ ಕೆಲಸ ಅದು, ಬೆವರು ಸುರಿಸಿ ಮಾಡಿದ್ದ. ಮ್ಯಾನೇಜರ್ ಹೇಳಿದ್ದು ಬೇಳೆ ಅಲ್ಲ, ಬೆಲೆ. ರ್‍ಯಾಕ್‌ನ ಅಂಚಿಗೆ ಸಿಕ್ಕಿಸುವ ಚೀಟಿ ಬದಲಾಗಬೇಕಿತ್ತು. ಕಂಪ್ಯೂಟರ್‌ನಲ್ಲಿ ಬೆಲೆ ಏರಿತ್ತು, ಚೀಟಿಯಲ್ಲಿ ಹಳೆಯದೇ ಉಳಿಯಿತು. ಕೆಜಿಗೆ ಎಂಟು ರೂಪಾಯಿ ವ್ಯತ್ಯಾಸ.

ಒಬ್ಬಟ್ಟಿನ ಹಬ್ಬದ ಹಿಂದಿನ ದಿನ ತೊಗರಿಬೇಳೆಗೆ ಎಷ್ಟು ಜನ ಬರುತ್ತಾರೆ ಅಂತ ಹೇಳಬೇಕಾಗಿಲ್ಲ. "ರ್‍ಯಾಕಲ್ಲಿ ಒಂದು ರೇಟು, ಬಿಲ್ಲಲ್ಲಿ ಒಂದು ರೇಟಾ?" ಅಂತ ಕೌಂಟರ್‌ನಲ್ಲಿ ಬೈಸಿಕೊಂಡವಳು ನಾನು. ಬಿಲ್ ರದ್ದು ಮಾಡಬೇಕು, ಸೂಪರ್‌ವೈಸರ್ ಬಂದು ಪಾಸ್‌ವರ್ಡ್ ಹಾಕಬೇಕು, ಮತ್ತೆ ಬಿಲ್ ಹಾಕಬೇಕು. ಹಿಂದೆ ಹತ್ತು ಜನರ ಸಾಲು. ಕೊನೆಗೆ ಮ್ಯಾನೇಜರ್ ಶಿವೂನ ಕೇಳಿದರು, "ನಾನು ಸರಿಯಾಗೇ ಹಾಕಿದ್ನಲ್ಲಪ್ಪಾ?" ಶಿವು ಫೋನ್ ತೆಗೆದು ತೋರಿಸಿದ. ಇಬ್ಬರೂ ಸರಿಯೇ. `bele` ಅಂದರೆ ಬೇಳೆಯೂ ಹೌದು, ಬೆಲೆಯೂ ಹೌದು, ಹೊಲದಲ್ಲಿದ್ದರೆ ಬೆಳೆಯೂ ಹೌದು.

ಅವತ್ತು ರಾತ್ರಿ ಕ್ಯಾಶ್ ಲೆಕ್ಕ ಕೊಡುವಾಗ ನಾನು ಸುಮ್ನೆ ಇರಲಾರದೆ, "ಸರ್, ಕನ್ನಡದಲ್ಲೇ ಬರೀಬಹುದಲ್ವಾ?" ಅಂದೆ. "ನಂಗೆ ಕನ್ನಡ ಟೈಪಿಂಗ್ ನಿಧಾನ ಕಣಮ್ಮಾ. ನೀವೇ ಒಂಚೂರು ನೀಟಾಗಿ ಬರೆದು ಹಾಕ್ಬಿಡಿ. ನಾನು ಕಳಿಸಿದ್ದನ್ನ ನೀವು ತಿದ್ದಿ, ಪ್ರಿಂಟ್ ತೆಗೆದು, ಪಂಚಿಂಗ್ ಮಷೀನ್ ಪಕ್ಕ ಅಂಟಿಸಿ" ಅಂದರು. ಬಾಯಿಬಿಟ್ಟಿದ್ದಕ್ಕೆ ಸಿಕ್ಕ ಬಹುಮಾನ.

ಮೊದಲನೇ ಸಲ ನಾನು ಮಾಡಿದ್ದು ಪೂರ್ತಿ ದಂಡ. ಬರವಣಿಗೆ ಅಂದ ಕೂಡಲೇ ಕೈಗೆ ಸರ್ಕಾರಿ ಸುತ್ತೋಲೆಯ ಕನ್ನಡ ಬಂದುಬಿಟ್ಟಿತು. "ಈ ಮೂಲಕ ಸಮಸ್ತ ಸಿಬ್ಬಂದಿ ವರ್ಗದವರಿಗೆ ತಿಳಿಯಪಡಿಸುವುದೇನೆಂದರೆ, ಶೀತಲೀಕರಣ ಘಟಕಗಳ ಮೇಲ್ವಿಚಾರಣೆಯನ್ನು ಕಡ್ಡಾಯವಾಗಿ ನಿರ್ವಹಿಸತಕ್ಕದ್ದು" ಅಂತ ಬರೆದೆ. ಓದಿ ನನಗೇ ಹೆಮ್ಮೆ ಆಯಿತು. ಅಂಟಿಸಿದ್ದನ್ನು ಸೆಕ್ಯುರಿಟಿ ಅಣ್ಣ ಮಾತ್ರ ಪೂರ್ತಿ ಓದಿದರು, ಅವರಿಗೆ ಬೇರೆ ಕೆಲಸ ಇರಲಿಲ್ಲ. ಹಾಲು-ಮೊಸರು ನೋಡಿಕೊಳ್ಳುವ ಮಂಜುನಾಥ ಕೇಳಿದ, "ಅಕ್ಕಾ, ಇದು ಯಾರಿಗೆ? ಹೆಡ್ ಆಫೀಸಿಗಾ?" ಮಜಾ ಏನು ಗೊತ್ತಾ, ಮ್ಯಾನೇಜರ್ "fridge nodkoli" ಅಂದಾಗ ಎಷ್ಟು ಅಸ್ಪಷ್ಟವಾಗಿತ್ತೋ ನನ್ನ ಸುತ್ತೋಲೆಯೂ ಅಷ್ಟೇ ಅಸ್ಪಷ್ಟ. ಮೇಲ್ವಿಚಾರಣೆ ಅಂದರೆ ಏನು ಮಾಡಬೇಕು? ಯಾರು? ಎಷ್ಟು ಹೊತ್ತಿಗೆ? ದೊಡ್ಡ ಪದ ಹಾಕಿದ್ದೆ ಅಷ್ಟೇ, ವಿಷಯ ಒಂದಕ್ಷರ ಜಾಸ್ತಿ ಆಗಿರಲಿಲ್ಲ.

ಸರಿಯಾದ ಪರೀಕ್ಷೆ ಬಂದಿದ್ದು ಗೌರಿ ಹಬ್ಬಕ್ಕೆ. ಆ ವರ್ಷ ಗೌರಿ ಆಗಸ್ಟ್ 26 ಮಂಗಳವಾರ, ಗಣೇಶ ಬುಧವಾರ. ಅಂದರೆ ಅದಕ್ಕೆ ಮುಂಚಿನ ಭಾನುವಾರವೇ ನಮಗೆ ದೊಡ್ಡ ದಿನ. ಶುಕ್ರವಾರ ರಾತ್ರಿ 12 ಗಂಟೆ 20 ನಿಮಿಷಕ್ಕೆ ಈ ಮೆಸೇಜ್ ಬಂತು:

"naadiddu ellaru bega banni habbada rush. manju bega bandu milk receive madkolli. billing 3 counter open irli. break adjust madkoli. haleyadu munde haki. fridge nodkoli. bagina items full irbeku. offer board tegedre olledu 🙏"

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಓದಿದೆ. ಈ ಸಲ ಬರೆಯುವ ಮುಂಚೆ ಒಂದು ಕೆಲಸ ಮಾಡಿದೆ. ಪ್ರತಿ ವಾಕ್ಯವನ್ನೂ ನಾನೇ ಮಾಡಬೇಕು ಅಂದುಕೊಂಡು ಓದಿದೆ. ಎಲ್ಲೆಲ್ಲಿ ಕಾಲು ಎತ್ತಿಡಲು ಆಗುವುದಿಲ್ಲವೋ ಅಲ್ಲಲ್ಲಿ ಹಳೆಯ ಬಿಲ್ ರೋಲಿನ ಹಿಂದೆ ಪ್ರಶ್ನೆ ಗೀಚಿಕೊಂಡೆ. ಎಂಟು ವಾಕ್ಯಕ್ಕೆ ಹದಿನಾಲ್ಕು ಪ್ರಶ್ನೆ ಆಯಿತು.

ಮೊದಲನೇ ಪದವೇ ಎಡವಟ್ಟು. `naadiddu`. ಶುಕ್ರವಾರ ರಾತ್ರಿ ಮಲಗದೇ ಇದ್ದವರಿಗೆ ಇನ್ನೂ ಶುಕ್ರವಾರವೇ, ಹಾಗಾಗಿ ನಾಡಿದ್ದು ಅಂದರೆ ಭಾನುವಾರ. ಬೆಳಿಗ್ಗೆ ಎದ್ದು ಓದಿದವರಿಗೆ ಅದು ಸೋಮವಾರ. ಫೋನಿನ ಗಡಿಯಾರವೂ ಶನಿವಾರ 12:20 ಅಂತಲೇ ತೋರಿಸುತ್ತಿದೆ. ಮಧ್ಯಾಹ್ನದ ಶಿಫ್ಟಿನ ಇಬ್ಬರು ಹುಡುಗಿಯರು ಆಗಲೇ ಸೋಮವಾರಕ್ಕೆ ತಯಾರಾಗಿದ್ದರು. ಕೇಳಿದಾಗ ಗೊತ್ತಾಯಿತು.

ಮ್ಯಾನೇಜರ್ ಟೀ ಕುಡಿಯುವ ಹೊತ್ತಿಗೆ ಹಿಡಿದೆ. "ಸರ್, ಎಲ್ಲರೂ ಬೇಗ ಅಂದ್ರೆ ಎಲ್ಲರೂನಾ? ಮಧ್ಯಾಹ್ನದ ಶಿಫ್ಟ್‌ನವರೂ?" "ಅಯ್ಯೋ ಇಲ್ಲ, ಅವರು ಬೆಳಿಗ್ಗೆ ಬಂದ್ರೆ ರಾತ್ರಿಗೆ ಯಾರಿರ್ತಾರೆ? ಬೆಳಿಗ್ಗೆ ಶಿಫ್ಟ್ ಮಾತ್ರ." "ಬೇಗ ಅಂದ್ರೆ?" "ಅದೇ, ಬೇಗ. ಎಂಟಕ್ಕೆ ಬಾಗಿಲು ತೆಗೀಬೇಕು. ಏಳೂವರೆಗೆ ಇರ್ಲಿ." "ಮಂಜು ಅಂದ್ರೆ ಮಂಜುನಾಥನಾ, ಮಂಜುಳಾನಾ?" ಈ ಪ್ರಶ್ನೆಗೆ ಅವರು ನಕ್ಕುಬಿಟ್ಟರು. ಹಾಲಿನ ಕೆಲಸ ಮಂಜುನಾಥನದು ಅಂತ ಎಲ್ಲರಿಗೂ ಗೊತ್ತಿಲ್ಲವಾ ಅಂತ. ಗೊತ್ತು. ಆದರೆ ಭಾನುವಾರ ಮಂಜುನಾಥನ ವೀಕ್ ಆಫ್. ರಜೆ ಇರುವವನ ಹೆಸರು ಯಾಕೆ ಬರುತ್ತೆ ಅಂತ ಗ್ರೂಪ್‌ನಲ್ಲಿ ಎಲ್ಲರೂ ಅದನ್ನು ಮಂಜುಳಾ ಅಂತಲೇ ಓದಿದ್ದರು. ಮಂಜುಳಾ ಬಿಲ್ಲಿಂಗ್‌ನವಳು. ಅವಳು ಪಾಪ ಬೆಳಿಗ್ಗೆ ಆರೂವರೆಗೆ ಬಸ್ ಸಿಗುತ್ತಾ ಅಂತ ವಿಚಾರಿಸುತ್ತಿದ್ದಳು.

ಮ್ಯಾನೇಜರ್ ಮುಖ ಸಣ್ಣದಾಯಿತು. ರಜೆಯ ವಿಷಯ ಅವರಿಗೆ ಮರೆತೇ ಹೋಗಿತ್ತು. ಮಂಜುನಾಥನನ್ನೇ ಕರೆದು ಕೇಳಿದರು. ಅವನು ಭಾನುವಾರ ಬರಲು ಒಪ್ಪಿದ, ಬದಲಿಗೆ ಆಗಸ್ಟ್ 28, ಗುರುವಾರ ರಜೆ ಬೇಕು ಅಂದ. ನಾನು ಅದನ್ನೂ ಬರೆದುಕೊಂಡೆ. ಇಂಥ ಬದಲಿ ರಜೆ ಬಾಯಿಮಾತಿನಲ್ಲಿ ಉಳಿದರೆ ಗುರುವಾರ ಬೆಳಿಗ್ಗೆ "ಯಾಕೋ ಬಂದಿಲ್ಲ?" ಅಂತ ಫೋನ್ ಹೋಗುತ್ತದೆ. ಎಷ್ಟು ಸಲ ಆಗಿದೆ.

ಆಮೇಲೆ "ಬ್ರೇಕ್ ಅಡ್ಜಸ್ಟ್ ಮಾಡ್ಕೊಳಿ". ಇದು ನಮ್ಮಲ್ಲಿ ಎಲ್ಲ ಕಡೆ ಓಡಾಡುವ ನಾಣ್ಯ. ಕೇಳಲು ಮೆತ್ತಗಿದೆ, ಆದರೆ ಅರ್ಥ ಮಾತ್ರ "ಅದು ನಿಮ್ಮ ತಲೆನೋವು". ಅವರ ಮನಸ್ಸಿನಲ್ಲಿದ್ದದ್ದು ರಶ್ ಮುಗಿದ ಮೇಲೆ, ಎರಡು ಗಂಟೆಯ ನಂತರ, ಒಬ್ಬೊಬ್ಬರೇ ಊಟಕ್ಕೆ ಹೋಗಿ ಅಂತ. ನಾನು ಅದನ್ನು ಕಾಗದದ ಮೇಲೆ ಗಂಟೆ ಹಾಕಿ ಬರೆದೆ. ಏಳೂವರೆಗೆ ಬಂದವರು ಎರಡು ಗಂಟೆವರೆಗೆ ಅಂದರೆ ಆರೂವರೆ ಗಂಟೆ ಒಂದೇ ಸಮ ನಿಂತಿರಬೇಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಐದು ಗಂಟೆ ಕೆಲಸ ಆಗುವಷ್ಟರಲ್ಲಿ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ಅದು ಮ್ಯಾನೇಜರ್‌ಗೂ ಗೊತ್ತು. ಅವರೇನು ಬೇಕೂ ಅಂತ ಮುರಿಯುವವರಲ್ಲ. "ಅಡ್ಜಸ್ಟ್" ಅನ್ನುವ ಪದದೊಳಗೆ ಆ ಆರೂವರೆ ಗಂಟೆ ಕಾಣುತ್ತಿರಲಿಲ್ಲ, ಅಷ್ಟೇ. ಬರೆದ ಮೇಲೆ ಕಂಡಿತು.

ಸರಿ, ಕೂಡಿಸಿ ಕಳೆದು ನೋಡಿದೆವು. ಬೆಳಿಗ್ಗೆ ಬಿಲ್ಲಿಂಗ್‌ಗೆ ನಾವು ನಾಲ್ಕು ಜನ. ಮೂರು ಕೌಂಟರ್ ಸದಾ ತೆರೆದಿರಬೇಕು. ಹಾಗಾದರೆ ಒಂದು ಸಲಕ್ಕೆ ಒಬ್ಬರು ಮಾತ್ರ ಎದ್ದು ಹೋಗಬಹುದು. ಏಳೂವರೆಗೆ ಐದು ಸೇರಿಸಿದರೆ ಹನ್ನೆರಡೂವರೆ. ಕೊನೆಯವರು ಆ ಹೊತ್ತಿಗಾದರೂ ಎದ್ದಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದೆ: ಹನ್ನೆರಡೂವರೆ, ಹನ್ನೊಂದೂವರೆ, ಹತ್ತೂವರೆ, ಒಂಬತ್ತೂವರೆ. ಸರಿಯಾಗಿ ನಾಲ್ಕು ಜನಕ್ಕೆ ನಾಲ್ಕು ಪಾಳಿ. ಒಂಬತ್ತೂವರೆಗೆ ಯಾರಿಗೂ ಊಟ ಬೇಕಾಗಿರುವುದಿಲ್ಲ, ನಿಜ. ಮಂಜುಳಾ ತಾನಾಗಿಯೇ "ನಂಗೆ ಅದೇ ಇರ್ಲಿ, ತಿಂಡಿ ಮಾಡ್ತೀನಿ" ಅಂದಳು. ಹತ್ತೂವರೆಗೆ ವಾಪಸ್ ಕೂತವಳಿಗೆ ಐದು ಗಂಟೆ ಅಂದರೆ ಮೂರೂವರೆ, ಹಾಗಾಗಿ ಅವಳು ಅಷ್ಟು ಹೊತ್ತಿಗೇ ಹೊರಡಬಹುದು ಅಂತಾಯಿತು. ಕೊನೆಯದನ್ನು ನಾನು ಇಟ್ಟುಕೊಂಡೆ. ನಾವು ಮೂರೇ ಜನ ಇದ್ದಿದ್ದರೆ ಈ ಲೆಕ್ಕ ಕೂಡುತ್ತಿರಲಿಲ್ಲ.

ಇನ್ನು "ಹಳೇದು ಮುಂದೆ ಹಾಕಿ". ಕೇಳಿದರೆ ಎಲ್ಲರಿಗೂ ಅರ್ಥ ಆದ ಹಾಗೇ ಇರುತ್ತದೆ. ಮೊದಲು ಬಂದ ಸರಕನ್ನು ರ್‍ಯಾಕಿನ ಮುಂಭಾಗಕ್ಕೆ ತರಬೇಕು, ಹೊಸದು ಹಿಂದೆ. ಆದರೆ ಮಂಜುನಾಥ ಒಂದು ಮಾತು ಹೇಳಿದ: ಮೊದಲು ಬಂದದ್ದೇ ಮೊದಲು ಕೆಡುತ್ತದೆ ಅಂತ ಏನಿಲ್ಲ. ಕೆಲವು ಸಲ ಡಿಸ್ಟ್ರಿಬ್ಯೂಟರ್ ಇವತ್ತು ತಂದ ಪನೀರಿನ ಕೊನೆಯ ದಿನಾಂಕ, ಮೊನ್ನೆ ತಂದದ್ದಕ್ಕಿಂತ ಮುಂಚೆಯೇ ಇರುತ್ತದೆ. ಅವರ ಗೋಡೌನಿನಲ್ಲಿ ಹಿಂದೆ ಉಳಿದಿದ್ದನ್ನು ನಮಗೆ ತಳ್ಳಿರುತ್ತಾರೆ. ಆಗ "ಹಳೇದು ಮುಂದೆ" ಅಂತ ಪಾಲಿಸಿದವನು ಬೇಗ ಕೆಡುವುದನ್ನು ಹಿಂದೆ ತಳ್ಳಿದ ಹಾಗಾಯಿತು. ಅದಕ್ಕೆ ನಾವು "ಹಳೇದು" ಅನ್ನುವ ಪದವನ್ನೇ ತೆಗೆದುಹಾಕಿದೆವು. ಪ್ಯಾಕೆಟ್ ಮೇಲಿನ ಕೊನೆಯ ದಿನಾಂಕ ನೋಡಿ, ಬೇಗ ಮುಗಿಯುವುದು ಮುಂದೆ. ಯಾವಾಗ ಬಂತು ಅನ್ನುವುದು ಲೆಕ್ಕಕ್ಕಿಲ್ಲ.

"ನೋಡ್ಕೊಳಿ" ಬಗ್ಗೆ ನನಗೊಂದು ಸಿಟ್ಟಿದೆ. ಮಗೂನ ನೋಡ್ಕೊಳಿ, ಅಂಗಡಿ ನೋಡ್ಕೊಳಿ, ಫ್ರಿಜ್ ನೋಡ್ಕೊಳಿ. ಕನ್ನಡದಲ್ಲಿ ಇಷ್ಟು ಪ್ರೀತಿಯ, ಇಷ್ಟು ಜಾರುವ ಇನ್ನೊಂದು ಪದ ಇಲ್ಲ. ಫ್ರಿಜ್ ಮುಂದೆ ನಿಂತು ನೋಡಿದರೂ ನೋಡಿಕೊಂಡ ಹಾಗೇ. ಹಾಗಾಗಿ ಮ್ಯಾನೇಜರ್‌ನ ಕೇಳಿದೆ, "ಸರ್, ನೀವೇ ಫ್ರಿಜ್ ನೋಡ್ಕೊಳೋಕೆ ಹೋದ್ರೆ ಏನು ಮಾಡ್ತೀರಿ?" ಅವರು ಕೂತಲ್ಲೇ ಹೇಳಿದರು. ಮೇಲಿನ ಡಿಸ್‌ಪ್ಲೇಯಲ್ಲಿ ಅಂಕಿ ನೋಡುತ್ತೇನೆ, ಹಾಲು-ಮೊಸರಿನ ಚಿಲ್ಲರ್ 5 ಡಿಗ್ರಿ ಒಳಗಿರಬೇಕು, ಐಸ್‌ಕ್ರೀಮ್ ಫ್ರೀಜರ್ ಮೈನಸ್ 18. ಏರಿದ್ದರೆ ಬಾಗಿಲು ಸರಿಯಾಗಿ ಮುಚ್ಚಿದೆಯಾ ನೋಡುತ್ತೇನೆ. ಕೆಲವು ಸಲ ಅದು ತಾನಾಗಿಯೇ ಮಂಜು ಕರಗಿಸಿಕೊಳ್ಳುವಾಗ ಸ್ವಲ್ಪ ಹೊತ್ತು ಅಂಕಿ ಏರುತ್ತದೆ, ಇಳಿಯುತ್ತದೆ. ಹದಿನೈದು ನಿಮಿಷ ಬಿಟ್ಟು ನೋಡಿದರೂ ಇಳಿಯದಿದ್ದರೆ ಮೆಕ್ಯಾನಿಕ್‌ಗೆ ಫೋನ್. ನೋಡಿ, ಎಲ್ಲಾ ಅವರ ತಲೆಯಲ್ಲೇ ಇತ್ತು. ಒಂದು ಪದಕ್ಕೆ ಅಷ್ಟನ್ನೂ ತುಂಬಿ ನಮಗೆ ಕಳಿಸುತ್ತಿದ್ದರು. ನಾವು ಬಿಚ್ಚಿ ನೋಡಿದರೆ ಖಾಲಿ.

ಬೋರ್ಡ್ ವಿಷಯ ಬೇಗ ಮುಗಿಯಿತು. "ತೆಗೆದ್ರೆ ಒಳ್ಳೇದು" ಅಂದರೆ ತೆಗೆಯಬಹುದೋ, ತೆಗೆಯಲೇಬೇಕೋ? "ತೆಗೀಲೇಬೇಕು! ಸ್ವಾತಂತ್ರ್ಯ ದಿನದ ಆಫರ್ ಇವತ್ತಿಗೆ ಮುಗೀತು. ನಾಳೆ ಬಿಲ್ಲಲ್ಲಿ ಡಿಸ್ಕೌಂಟ್ ಬರಲ್ಲ." ಹಾಗಾದರೆ ಭಾನುವಾರ ಬೆಳಿಗ್ಗೆ ಅಲ್ಲ, ಶನಿವಾರ ರಾತ್ರಿ ಬಾಗಿಲು ಹಾಕಿದ ಮೇಲೆ ತೆಗೆಯಬೇಕು. ಬೋರ್ಡ್ ಜೊತೆ ರ್‍ಯಾಕಿನ ಹಳದಿ ಚೀಟಿಗಳನ್ನೂ. ಇಲ್ಲದಿದ್ದರೆ ಮತ್ತೆ ತೊಗರಿಬೇಳೆ ಕಥೆಯೇ.

ಮಧ್ಯಾಹ್ನ ಹಿಂದಿನ ರೂಮಿನಲ್ಲಿ ಕೂತು ಬರೆದೆ. ಕೊನೆಗೆ ಗೋಡೆಗೆ ಹೋದದ್ದು ಹೀಗಿತ್ತು:

ಭಾನುವಾರ, ಆಗಸ್ಟ್ 24 — ಬೆಳಿಗ್ಗೆ ಶಿಫ್ಟ್‌ನವರಿಗೆ ಮಾತ್ರ
(ಮಧ್ಯಾಹ್ನದ ಶಿಫ್ಟ್ ಎಂದಿನಂತೆ 1 ಗಂಟೆಗೆ.)

ಅಂಗಡಿ ಬಾಗಿಲು ಬೆಳಿಗ್ಗೆ 8ಕ್ಕೆ ತೆಗೆಯುತ್ತದೆ. ನೀವು 7:30ಕ್ಕೆ ಬನ್ನಿ. ಸಂಜೆ 4:30ಕ್ಕೆ ಹೊರಡಬಹುದು.

ಮಂಜುನಾಥ (ಡೈರಿ): 6:30ಕ್ಕೆ ಬಂದು ಹಾಲು ಇಳಿಸಿಕೊಳ್ಳಿ. 3:30ಕ್ಕೆ ಹೊರಡಬಹುದು. ಬಿಡುವು 11ರಿಂದ 12. ಈ ಭಾನುವಾರದ ರಜೆಯ ಬದಲು ಗುರುವಾರ, ಆಗಸ್ಟ್ 28 ರಜೆ.

ಬಿಲ್ಲಿಂಗ್: ಮೂರು ಕೌಂಟರ್ ಯಾವಾಗಲೂ ತೆರೆದಿರಲಿ. ಬಿಡುವಿಗೆ ಒಬ್ಬರು ವಾಪಸ್ ಬಂದು ಕೂತ ಮೇಲೆ ಇನ್ನೊಬ್ಬರು ಏಳಿ. ಮಂಜುಳಾ 9:30, ರೇಖಾ 10:30, ಸುಮಾ 11:30, ನಾನು 12:30. ಮಂಜುಳಾ 3:30ಕ್ಕೆ ಹೊರಡಬಹುದು.

ಹಾಲು, ಮೊಸರು, ಪನೀರ್, ಬ್ರೆಡ್: ಪ್ಯಾಕೆಟ್ ಮೇಲಿನ ಕೊನೆಯ ದಿನಾಂಕ ನೋಡಿ. ಬೇಗ ಮುಗಿಯುವುದನ್ನು ಮುಂದೆ ಇಡಿ. ದಿನಾಂಕ ಮುಗಿದಿದ್ದರೆ ರ್‍ಯಾಕಿನಿಂದ ತೆಗೆದು ಹಿಂದಿನ ರೂಮಿನ ಕೆಂಪು ಕ್ರೇಟಿಗೆ ಹಾಕಿ.

ಚಿಲ್ಲರ್: ಮಂಜುನಾಥ 7, 10, 1 ಗಂಟೆಗೆ, ಮಧ್ಯಾಹ್ನದ ಡೈರಿಯವರು 4, 7 ಗಂಟೆಗೆ ಅಂಕಿ ನೋಡಿ ಪುಸ್ತಕದಲ್ಲಿ ಬರೆಯಿರಿ. 5ಕ್ಕಿಂತ ಜಾಸ್ತಿ ಇದ್ದರೆ ಬಾಗಿಲು ಮುಚ್ಚಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಜಾಸ್ತಿ ಇದ್ದರೆ ತಕ್ಷಣ ಮ್ಯಾನೇಜರ್‌ಗೆ ಫೋನ್ ಮಾಡಿ. ಮೆಸೇಜ್ ಬೇಡ.

ಬಾಗಿನ ಸಾಮಾನು (ಶಿವು): ಮೊರ, ಬಳೆ, ಅರಿಶಿನ-ಕುಂಕುಮ, ಕನ್ನಡಿ, ಬಾಚಣಿಗೆ, ಸಣ್ಣ ಪ್ಯಾಕೆಟ್ ಬೇಳೆಗಳು, ರವೆ, ಬೆಲ್ಲ. ಗಂಟೆಗೊಮ್ಮೆ ತುಂಬಿಸಿ. ಮೊರ 15ಕ್ಕಿಂತ ಕಡಿಮೆ ಆದಾಗ ಮ್ಯಾನೇಜರ್‌ಗೆ ಹೇಳಿ.

ಆಫರ್ ಬೋರ್ಡ್ ಮತ್ತು ಹಳದಿ ಚೀಟಿಗಳನ್ನು ಇವತ್ತು, ಶನಿವಾರ ರಾತ್ರಿ, ಬಾಗಿಲು ಹಾಕಿದ ಮೇಲೆ ತೆಗೆಯಬೇಕು. ಮಧ್ಯಾಹ್ನದ ಶಿಫ್ಟ್‌ನ ದಿನಸಿ ಸೆಕ್ಷನ್‌ನವರ ಕೆಲಸ.

ಬರೆಯುವಾಗ ಒಂದೆರಡು ಕಡೆ ಕೈ ತಡೆಯಿತು. ಚಿಲ್ಲರ್ ಅಂಕಿ "ಬರೆಯಬೇಕು" ಅಂತಷ್ಟೇ ಮೊದಲು ಹಾಕಿದ್ದೆ. ಕನ್ನಡದಲ್ಲಿ ಇದು ಸುಲಭ. "ಆಗಬೇಕು, ಇರಬೇಕು, ಬರೆಯಬೇಕು" ಅಂತ ಯಾರ ಹೆಸರೂ ಇಲ್ಲದೆ ವಾಕ್ಯ ಮುಗಿಸಿಬಿಡಬಹುದು. ಮ್ಯಾನೇಜರ್ ಮೆಸೇಜಿನಲ್ಲಿ "full irbeku" ಇದ್ದದ್ದೂ ಹಾಗೆಯೇ. ಯಾರು ತುಂಬಬೇಕು? ಯಾರೂ ಇಲ್ಲ. ಬೋರ್ಡ್ ವಾಕ್ಯದ ಕೊನೆಗೆ "ಕೆಲಸ ಯಾರದು" ಅಂತ ಬೇರೆ ಸೇರಿಸಿದ್ದು ಇದೇ ಕಾರಣಕ್ಕೆ.

ಓದಿ ನೋಡಿದ ಮ್ಯಾನೇಜರ್‌ಗೆ ಒಂದು ಇರಿಸುಮುರಿಸು ಇತ್ತು. "ನಂದು ಪ್ರೀತಿಯಿಂದ ಇರುತ್ತೆ, ಕೈಮುಗಿದಿರ್ತೀನಿ. ಇದು ಸ್ವಲ್ಪ ಜೋರಾಯ್ತಾ?" ಅಂದರು. ನಾನು ಕೈಮುಗಿಯುವ ಚಿತ್ರ ಹಾಕಿರಲಿಲ್ಲ, ನಿಜ. ಆದರೆ "ಬನ್ನಿ, ನೋಡಿ, ಇಡಿ" ಅನ್ನುವುದರಲ್ಲೇ ಮರ್ಯಾದೆ ಇದೆಯಲ್ಲ. ಜೊತೆಗೆ ಎಷ್ಟು ಹೊತ್ತಿಗೆ ಹೊರಡಬಹುದು ಅಂತಲೂ ಬರೆದಿದ್ದೆ. ಅವರ ಮೆಸೇಜುಗಳಲ್ಲಿ ಬರುವ ಹೊತ್ತು ಇರುತ್ತಿತ್ತು, ಹೋಗುವ ಹೊತ್ತು ಯಾವತ್ತೂ ಇರುತ್ತಿರಲಿಲ್ಲ. ಅದನ್ನು ಹೇಳಲಿಲ್ಲ. ಅವರ ಸಮಾಧಾನಕ್ಕೆ ಗ್ರೂಪ್‌ನಲ್ಲಿ ಅವರೇ ಒಂದು ಸಾಲು ಹಾಕಲಿ ಅಂದೆ. "ella habbada shubhashaya, notice board nodi 🙏" ಅಂತ ಹಾಕಿದರು.

ಭಾನುವಾರ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಸುಮಾ ಹನ್ನೊಂದೂವರೆಗೆ ಏಳಬೇಕಾದಾಗ ಅವಳ ಮುಂದೆ ಎರಡು ತುಂಬಿದ ಟ್ರಾಲಿ ಇತ್ತು, ಇಪ್ಪತ್ತು ನಿಮಿಷ ತಡವಾಯಿತು. ಹಾಗಾಗಿ ನನ್ನ ಬಿಡುವು 12:50ಕ್ಕೆ ಹೋಯಿತು. ಐದು ಗಂಟೆಯ ಲೆಕ್ಕ ನನ್ನ ತಲೆಯ ಮೇಲೇ ಮುರಿಯಿತು. ಪಾಳಿಗಳ ನಡುವೆ ಹತ್ತು ನಿಮಿಷವೂ ಸಡಿಲ ಬಿಟ್ಟಿರಲಿಲ್ಲ ನಾನು. ಮುಂದಿನ ಸಲದಿಂದ "ಬಿಡುವಿಗೆ ಹತ್ತು ನಿಮಿಷ ಮುಂಚೆ ಕೌಂಟರ್ ಮುಂದೆ ‘ಮುಂದಿನ ಕೌಂಟರ್‌ಗೆ ಹೋಗಿ’ ಬೋರ್ಡ್ ಇಡಿ" ಅಂತ ಸೇರಿಸಿದೆ. ಹಣ್ಣು-ತರಕಾರಿ ಸೆಕ್ಷನ್‌ನ ಅಸ್ಸಾಮಿನ ಹುಡುಗ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅಂಕಿಗಳನ್ನು ಮಾತ್ರ ಓದಿಕೊಂಡ. 7:30ಕ್ಕೆ ಸರಿಯಾಗಿ ಬಂದಿದ್ದ. ಉಳಿದದ್ದನ್ನು ಶಿವು ಓದಿ ಹೇಳಿದ. ಅದಕ್ಕೆ ನನ್ನ ಹತ್ತಿರ ಇನ್ನೂ ಬೇರೆ ದಾರಿ ಇಲ್ಲ.

ಮೂರು ಗಂಟೆ ಹೊತ್ತಿಗೆ ಮೊರ 14 ಉಳಿದಾಗ ಶಿವು ಬಂದು ಹೇಳಿದ. ಸಂಜೆಯೊಳಗೆ ಇನ್ನೊಂದು ಕಟ್ಟು ಬಂತು. ಬೋರ್ಡ್ ಬಗ್ಗೆ ಒಂದು ಜಗಳವೂ ಇರಲಿಲ್ಲ.

ಅದರ ಮುಂದಿನ ವಾರ ತಿಂಗಳ ಕೊನೆಯ ಸ್ಟಾಕ್ ಎಣಿಕೆ. ಅಷ್ಟರಲ್ಲಿ ನನಗೂ ಸ್ವಲ್ಪ ಧೈರ್ಯ ಬಂದಿತ್ತು, ಬೇಗ ಬೇಗ ಬರೆದು ಅಂಟಿಸಿ ಮನೆಗೆ ಹೋದೆ. ಬಸ್ ಇಳಿಯುವ ಮುಂಚೆ ಸೆಕ್ಯುರಿಟಿ ಅಣ್ಣನ ಫೋನ್. "ಅಕ್ಕಾ, ಎಣಿಕೆ ಶನಿವಾರ ಆಗಸ್ಟ್ 31 ಅಂತ ಬರೆದಿದ್ದೀರಿ. ಶನಿವಾರ 30 ಅಲ್ವಾ? ಯಾವುದು ಸರಿ, ವಾರಾನಾ ತಾರೀಕಾ?"

ವಾರ ಅಣ್ಣಾ, ಅಂದೆ. ಅವರ ಹತ್ತಿರವೇ ಪೆನ್ ಇತ್ತು, ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರು.